ಕಚೇರಿಯ ಮೌನಕ್ಕೆ ಅರ್ಥವೇನು?



ನಾನು ಕಂದಾಯ ಇಲಾಖೆಯ ಕೆಳಗಿನ ಮೆಟ್ಟಿಲುಗಳಲ್ಲಿ ಮೂವತ್ತು ವರ್ಷ ಕೆಲಸ ಮಾಡಿ ನಿವೃತ್ತನಾದವನು. ಅದರಲ್ಲಿ ಹೆಚ್ಚಿನ ಕಾಲ ಅರ್ಜಿ ತೆಗೆದುಕೊಳ್ಳುವ ಮೇಜಿನ ಈಚೆ ಕೂತಿದ್ದೆ. ನಿವೃತ್ತಿಯಾದ ಮೇಲೆ ಮೊಮ್ಮಕ್ಕಳ ಕಾಗದಪತ್ರಗಳಿಗಾಗಿ ಆಚೆ ನಿಲ್ಲುವುದು ಬಂತು. ಎರಡೂ ಕಡೆಯಿಂದ ಕಂಡದ್ದನ್ನು ಸೇರಿಸಿ ಹೇಳಿ ಎಂದು ಸಂಘಟಕರು ಕೇಳಿದಾಗ ಒಪ್ಪಿಕೊಂಡೆ.

ಇಂದಿನ ವಿಷಯ ಸಕಾಲ ಕಾಯ್ದೆ ಮತ್ತು ಏಕಗವಾಕ್ಷಿ ವ್ಯವಸ್ಥೆ. ಇವುಗಳ ಇಡೀ ಚರಿತ್ರೆಯನ್ನು ಹೇಳುವ ಉದ್ದೇಶ ನನಗಿಲ್ಲ. ಒಂದೇ ಪ್ರಶ್ನೆಯನ್ನು ಹಿಡಿದುಕೊಂಡು ಹೋಗುತ್ತೇನೆ. ನೀವು ಅರ್ಜಿ ಕೊಟ್ಟಿದ್ದೀರಿ, ಗೊತ್ತುಮಾಡಿದ ದಿನ ಕಳೆದಿದೆ, ಕಚೇರಿ ಹೌದು ಎನ್ನಲಿಲ್ಲ, ಇಲ್ಲ ಎಂದೂ ಹೇಳಲಿಲ್ಲ. ಆ ಮೌನಕ್ಕೆ ಕಾನೂನು ಏನು ಅರ್ಥ ಕೊಡುತ್ತದೆ? ಜಾತಿ ಪ್ರಮಾಣಪತ್ರ ಕೇಳಿದ ಹುಡುಗಿಗೆ ಒಂದು ಅರ್ಥ, ಮೆಣಸಿನಕಾಯಿ ಪುಡಿಯ ಕಾರ್ಖಾನೆ ಹಾಕಲು ಹೊರಟವರಿಗೆ ಇನ್ನೊಂದು ಅರ್ಥ, ತಂದೆಯ ಹೊಲಕ್ಕೆ ವಾರಸಾ ಹಚ್ಚಲು ಬಂದವರಿಗೆ ಮತ್ತೊಂದೇ ಅರ್ಥ. ಇದೇ ಕ್ರಮದಲ್ಲಿ ಮಾತಾಡುತ್ತೇನೆ. ಮೊದಲನೆಯದಕ್ಕೆ ಹೆಚ್ಚು ಹೊತ್ತು ತೆಗೆದುಕೊಳ್ಳುವೆ, ಏಕೆಂದರೆ ಈ ಸಭಾಂಗಣದಲ್ಲಿ ಕೂತಿರುವ ಬಹುಪಾಲು ಮಕ್ಕಳಿಗೆ ಅದರ ಕೆಲಸ ಬಿದ್ದೇ ಬೀಳುತ್ತದೆ.

ಸಕಾಲ ಹೇಗೆ ಬಂತೆಂಬುದನ್ನು ನಾಲ್ಕು ಮಾತಿನಲ್ಲಿ ಹೇಳಿಬಿಡುತ್ತೇನೆ. ಇಂಥ ಕಾಯ್ದೆಯನ್ನು ದೇಶದಲ್ಲಿ ಮೊದಲು ಮಾಡಿದ್ದು ಮಧ್ಯಪ್ರದೇಶ, 2010ರಲ್ಲಿ. ನಮ್ಮ ರಾಜ್ಯದ ನಾಗರಿಕ ಸೇವೆಗಳ ಖಾತರಿ ಕಾಯ್ದೆ 2011ರದು. 2012ರ ಮಾರ್ಚ್ 1ರಂದು ನಾಲ್ಕು ತಾಲೂಕುಗಳಲ್ಲಿ ಪ್ರಾಯೋಗಿಕವಾಗಿ ಶುರುವಾಯಿತು: ಔರಾದ, ಚಿತ್ರದುರ್ಗ, ಪುತ್ತೂರು ಮತ್ತು ಧಾರವಾಡ. ನಮ್ಮ ಹಾವೇರಿ 1997ರ ಆಗಸ್ಟ್ 24ರವರೆಗೆ ಧಾರವಾಡ ಜಿಲ್ಲೆಯ ಭಾಗವೇ ಆಗಿತ್ತು. ಜಿಲ್ಲಾಧಿಕಾರಿಗಳ ಒಂದು ಸಹಿಗಾಗಿ ರಾಣೆಬೆನ್ನೂರಿನಿಂದ ಧಾರವಾಡಕ್ಕೆ ಹೋಗಿ, ಸಾಹೇಬರು ದೌರೆಗೆ ಹೋಗಿದ್ದಾರೆ ಎಂದು ಕೇಳಿಸಿಕೊಂಡು ರಾತ್ರಿ ಬಸ್ಸಿಗೆ ವಾಪಸಾದವರು ಈ ಸಭೆಯಲ್ಲೂ ಇದ್ದೀರಿ. ಹಾಗಾಗಿ ಪ್ರಯೋಗ ನಡೆದ ಆ ಧಾರವಾಡ ನಮಗೆ ದೂರದ ಊರೇನಲ್ಲ. ಆ ವರ್ಷದ ಏಪ್ರಿಲ್ 2ರಿಂದ ಕಾಯ್ದೆ ಇಡೀ ರಾಜ್ಯಕ್ಕೆ ಜಾರಿಯಾಯಿತು. ಆಗ ಅದರಲ್ಲಿದ್ದ ಸೇವೆಗಳು 151, ಇಲಾಖೆಗಳು 11. ಆಮೇಲೆ ಪಟ್ಟಿ ಬೆಳೆಯುತ್ತಲೇ ಹೋಯಿತು. ಜನರ ಬಾಯಲ್ಲಿದ್ದ ಸಕಾಲ ಎಂಬ ಹೆಸರು ಮುಂದೆ ತಿದ್ದುಪಡಿಯಿಂದ ಕಾಯ್ದೆಯ ಹೆಸರೇ ಆಯಿತು.

ಇನ್ನು ಮೊದಲನೆಯ ವಿಷಯಕ್ಕೆ ಬರುತ್ತೇನೆ. ಜಾತಿ ಪ್ರಮಾಣಪತ್ರಕ್ಕೂ ಆದಾಯ ಪ್ರಮಾಣಪತ್ರಕ್ಕೂ ಕಾಯ್ದೆಯ ಪಟ್ಟಿ ಮೊದಲಿಗೆ ಇಟ್ಟ ಗಡುವು 21 ದಿನ. ಇವು ಕೆಲಸದ ದಿನಗಳು, ರಜೆ ಬಿಟ್ಟು ಎಣಿಸಬೇಕು. ನಾಲ್ಕು ವಾರದಲ್ಲಿ ನಾಲ್ಕು ಭಾನುವಾರ, ಎರಡನೆಯ ಮತ್ತು ನಾಲ್ಕನೆಯ ಶನಿವಾರ ಕಳೆದರೆ 22 ದಿನ ಉಳಿಯುತ್ತವೆ. ನಡುವೆ ಹಬ್ಬ ಯಾವುದೂ ಬರದಿದ್ದರೂ 21 ದಿನ ಅಂದರೆ ಹತ್ತಿರ ಹತ್ತಿರ ನಾಲ್ಕು ವಾರ. ಬಹಳ ಪಾಲಕರು ಮೂರು ವಾರ ಎಂದುಕೊಂಡು ಅರ್ಜಿ ಕೊಡುತ್ತಾರೆ. ಮೊದಲ ತಪ್ಪು ಅಲ್ಲೇ ಆಗುತ್ತದೆ.

ಈ ನಾಲ್ಕು ವಾರದಲ್ಲಿ ಕಚೇರಿ ಮಾಡುವ ಕೆಲಸವೇನು? ಗುತ್ತಲವೋ ಮೇಡ್ಲೇರಿಯೋ ಕಾಗಿನೆಲೆಯೋ, ಯಾವ ಹೋಬಳಿಯಾದರೂ ಸರಿ, ನಾಡಕಚೇರಿಯಲ್ಲಿ ಅರ್ಜಿಯನ್ನು ಕಂಪ್ಯೂಟರಿಗೆ ಏರಿಸುತ್ತಾರೆ. ಅದು ಗ್ರಾಮ ಲೆಕ್ಕಾಧಿಕಾರಿಗೆ ಹೋಗುತ್ತದೆ. ಈಗ ಗ್ರಾಮ ಆಡಳಿತ ಅಧಿಕಾರಿ ಎಂದು ಹೆಸರು ಬದಲಾಗಿದೆ, ನಮ್ಮ ಕಡೆ ಹಿರಿಯರು ಇಂದಿಗೂ ತಲಾಟಿ ಎನ್ನುತ್ತಾರೆ. ಅವರು ಊರಿಗೆ ಹೋಗಿ, ಮನೆ ನೋಡಿ, ಅಕ್ಕಪಕ್ಕದವರನ್ನು ಕೇಳಿ, ತಂದೆಯ ಶಾಲೆಯ ದಾಖಲೆ ನೋಡಿ ವರದಿ ಬರೆಯುತ್ತಾರೆ. ಕಂದಾಯ ನಿರೀಕ್ಷಕರು ಅದರ ಮೇಲೆ ಷರಾ ಬರೆಯುತ್ತಾರೆ. ಉಪ ತಹಶೀಲ್ದಾರರು ಡಿಜಿಟಲ್ ಸಹಿ ಹಾಕುತ್ತಾರೆ. ಈ ಕೆಲಸವನ್ನೆಲ್ಲ ಒಟ್ಟಿಗೆ ಕೂಡಿಸಿದರೆ ಅರ್ಧ ದಿನವೂ ಆಗುವುದಿಲ್ಲ. ಉಳಿದದ್ದೆಲ್ಲ ಸರದಿಯಲ್ಲಿ ಕಾಯುವ ಸಮಯ. ಮೇ ಕೊನೆ, ಜೂನ್ ಮೊದಲಲ್ಲಿ ಪರೀಕ್ಷೆಯ ಫಲಿತಾಂಶ ಬಂದು ಪ್ರವೇಶ ಶುರುವಾಗುತ್ತಲೇ ಒಬ್ಬ ತಲಾಟಿಯ ಪಾಲಿಗೆ ಅವರ ಊರುಗಳ ಅರ್ಜಿಗಳೆಲ್ಲ ಒಮ್ಮೆಗೇ ಬರುತ್ತವೆ. ಅದೇ ಹೊತ್ತಿಗೆ ಮಳೆಹಾನಿಯ ಸಮೀಕ್ಷೆ ಇರುತ್ತದೆ, ಚುನಾವಣೆಯ ಪಟ್ಟಿಯ ಕೆಲಸವೂ ಇರಬಹುದು. ಇದನ್ನು ನಾನು ಸಹೋದ್ಯೋಗಿಗಳ ಪರವಾಗಿ ನೆಪ ಹೇಳಲು ಎತ್ತುತ್ತಿಲ್ಲ. ವಿಳಂಬ ಎಲ್ಲಿ ಹುಟ್ಟುತ್ತದೆ ಎಂದು ಗೊತ್ತಾಗದೆ ಗಡುವು ಇಟ್ಟರೆ, ಆ ಗಡುವು ಬೇರೆ ಯಾವುದೋ ಕಿಂಡಿಯಿಂದ ಸೋರಿ ಹೋಗುತ್ತದೆ.

ಹೇಗೆ ಸೋರುತ್ತದೆ ಎಂಬುದನ್ನು ಒಂದು ಪ್ರಕರಣದ ಮೂಲಕ ಹೇಳುತ್ತೇನೆ. ಹೆಸರು, ಊರು, ಕಚೇರಿ ಬೇಡ. ಇದು ನನ್ನ ತಂಗಿಯ ಮೊಮ್ಮಗಳಿಗೇ ಆದದ್ದು. ಸೋಮವಾರ ಅರ್ಜಿ ಕೊಟ್ಟಳು. ಕೈಗೆ ಒಂದು ಸ್ವೀಕೃತಿ ಚೀಟಿ ಬಂತು. ಅದರ ಮೇಲೆ ಹದಿನೈದು ಅಂಕಿಯ ಜಿ.ಎಸ್.ಸಿ. ಸಂಖ್ಯೆ, ಕೆಳಗೆ ಸೇವೆ ಸಿಗಬೇಕಾದ ದಿನಾಂಕ. ಹುಡುಗಿ ಆ ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಿಂದ ಸುತ್ತು ಹಾಕಿಟ್ಟಳು. ಹತ್ತು ದಿನ, ಹದಿನೈದು ದಿನ, ಯಾರೂ ಬರಲಿಲ್ಲ, ಫೋನೂ ಇಲ್ಲ. ಇಪ್ಪತ್ತನೆಯ ದಿನ ಮಧ್ಯಾಹ್ನ ಮೊಬೈಲಿಗೆ ಸಂದೇಶ ಬಂತು: ಅರ್ಜಿ ತಿರಸ್ಕೃತ. ಕಾರಣ: ದಾಖಲೆ ಸರಿಯಿಲ್ಲ. ಯಾವ ದಾಖಲೆ, ಏನು ಸರಿಯಿಲ್ಲ, ಒಂದು ಮಾತೂ ಇಲ್ಲ. ಹೋಗಿ ಕೇಳಿದರೆ, ತಂದೆಯ ಶಾಲಾ ದಾಖಲೆಯಲ್ಲಿ ಉಪಜಾತಿಯ ಹೆಸರು ಬೇರೆ ಇದೆ, ಅಜ್ಜನದ್ದು ತನ್ನಿ, ಹೊಸ ಅರ್ಜಿ ಹಾಕಿ ಎಂದರು. ಹೊಸ ಅರ್ಜಿ ಹಾಕಿದಳು. ಹೊಸ ಸಂಖ್ಯೆ ಬಂತು, ಹೊಸ ದಿನಾಂಕ ಬಂತು. ಎರಡನೆಯ ಸಲ ಹತ್ತೊಂಬತ್ತನೆಯ ದಿನಕ್ಕೆ ಪ್ರಮಾಣಪತ್ರ ಕೈಗೆ ಸಿಕ್ಕಿತು.

ಈಗ ಲೆಕ್ಕ ಮಾಡಿ ನೋಡಿ. ಹುಡುಗಿ ಕಾದದ್ದು 39 ಕೆಲಸದ ದಿನ, ಅಂದರೆ ಏಳು ವಾರಕ್ಕೂ ಮೇಲೆ. ಕಂಪ್ಯೂಟರಿನಲ್ಲಿ ಮಾತ್ರ ಎರಡು ಅರ್ಜಿಗಳಿವೆ, ಎರಡೂ ಗಡುವಿನೊಳಗೆ ವಿಲೇವಾರಿಯಾಗಿವೆ. ಒಂದು ತಿರಸ್ಕಾರ, ಒಂದು ಮಂಜೂರಾತಿ. ವಿಳಂಬ ಸೊನ್ನೆ. ತಿಂಗಳ ವರದಿಯಲ್ಲಿ ಆ ಕಚೇರಿ ಅಚ್ಚುಕಟ್ಟಾದ ಕಚೇರಿ. ಯಾರೂ ಸುಳ್ಳು ಬರೆದಿಲ್ಲ. ಕಾಯ್ದೆ ಅಳೆಯುವುದೇ ಸ್ವೀಕೃತಿಯಿಂದ ವಿಲೇವಾರಿಯವರೆಗೆ, ತಿರಸ್ಕಾರವೂ ವಿಲೇವಾರಿಯೇ. ಅಜ್ಜನ ದಾಖಲೆ ಬೇಕು ಎಂಬ ಮಾತನ್ನು ಮೂರನೆಯ ದಿನ ಹೇಳಿದ್ದರೆ ಆ ವಾರದಲ್ಲೇ ತಂದುಕೊಡುತ್ತಿದ್ದರು. ಇಪ್ಪತ್ತನೆಯ ದಿನ ಹೇಳಿದರು, ಏಕೆಂದರೆ ಗಡಿಯಾರ ಅವರನ್ನು ಕೇಳುವುದು ಇಪ್ಪತ್ತೊಂದನೆಯ ದಿನ.

ಹಾಗಾಗಿ ಒಂದು ಕಚೇರಿ ನಿಜವಾಗಿ ಹೇಗೆ ನಡೆಯುತ್ತಿದೆ ಎಂದು ತಿಳಿಯಬೇಕಾದರೆ ಎಷ್ಟು ಅರ್ಜಿ ತಡವಾಯಿತು ಎಂದು ನೋಡಿದರೆ ಸಾಲದು. ತಿರಸ್ಕಾರಗಳು ಯಾವ ದಿನ ಬಿದ್ದಿವೆ ಎಂದು ನೋಡಬೇಕು. ಮೊದಲ ವಾರದಲ್ಲಿ ಬಿದ್ದಿದ್ದರೆ ಅಲ್ಲಿ ಯಾರೋ ಅರ್ಜಿ ಓದುತ್ತಿದ್ದಾರೆ. ಹತ್ತೊಂಬತ್ತು, ಇಪ್ಪತ್ತನೆಯ ದಿನ ಒಟ್ಟಾಗಿ ಬಿದ್ದಿದ್ದರೆ ಅಲ್ಲಿ ಗಡುವನ್ನು ತೀರಿಸಿಕೊಂಡಿದ್ದಾರೆ, ಕೆಲಸ ಮಾಡಿಲ್ಲ. ಅದೇ ಮನೆಯಿಂದ ಅದೇ ಸೇವೆಗೆ ಎರಡನೆಯ ಅರ್ಜಿ ಬಂದಿದೆಯೇ ಎಂಬುದನ್ನೂ ನೋಡಬೇಕು. ಇವೆರಡೂ ಕಂಪ್ಯೂಟರಿನಲ್ಲಿ ಇರುವ ಮಾಹಿತಿಗಳೇ, ಹೊಸದಾಗಿ ಏನೂ ಕೂಡಿಸಬೇಕಿಲ್ಲ.

ಇನ್ನೊಂದು ಕಿಂಡಿ ಅರ್ಜಿ ಸ್ವೀಕರಿಸುವುದಕ್ಕೂ ಮೊದಲೇ ಇದೆ. "ಕಾಗದ ಇಟ್ಟು ಹೋಗ್ರಿ, ಸರ್ವರ್ ಇಲ್ಲ, ನಾಳೆ ಏರಸ್ತೀವಿ" ಎಂದು ಹೇಳಿದರೆ ಗಡಿಯಾರ ಶುರುವೇ ಆಗಿಲ್ಲ. ಜಿ.ಎಸ್.ಸಿ. ಸಂಖ್ಯೆ ಇರುವ ಚೀಟಿ ಕೈಗೆ ಬರುವವರೆಗೆ ಕಾನೂನಿನ ಕಣ್ಣಿಗೆ ನೀವು ಅರ್ಜಿಯನ್ನೇ ಕೊಟ್ಟಿಲ್ಲ. ಗ್ರಾಮ ಒನ್ ಕೇಂದ್ರದಲ್ಲಿ ಕೊಟ್ಟರೂ ಅಷ್ಟೇ, ಹಣ ಕೊಟ್ಟ ರಸೀದಿ ಬೇರೆ, ಸ್ವೀಕೃತಿ ಬೇರೆ. ವಿದ್ಯಾರ್ಥಿಗಳೇ, ನಿಮಗೆ ಇದು ವಿಶೇಷವಾಗಿ ಗೊತ್ತಿರಲಿ. ಪ್ರಮಾಣಪತ್ರದ ಮೇಲೆ ಆರ್.ಡಿ. ಎಂದು ಶುರುವಾಗುವ ಸಂಖ್ಯೆ ಇರುತ್ತದೆ. ವಿದ್ಯಾರ್ಥಿವೇತನದ ಅರ್ಜಿಯಲ್ಲೂ ಸಿ.ಇ.ಟಿ. ಅರ್ಜಿಯಲ್ಲೂ ಅದೇ ಸಂಖ್ಯೆಯನ್ನು ಕೇಳುತ್ತಾರೆ, ಅದನ್ನು ಹಾಕಿದರೆ ನಾಡಕಚೇರಿಯ ದಾಖಲೆಯಿಂದ ಹೆಸರು ತಾನಾಗಿ ಬರುತ್ತದೆ. ಅಂಕಪಟ್ಟಿಯಲ್ಲಿ ಒಂದು ಹೆಸರು, ಇಲ್ಲಿ ಅಡ್ಡಹೆಸರು ಸೇರಿ ಇನ್ನೊಂದು ಹೆಸರು ಇದ್ದರೆ ತೊಡಕು ಶುರುವಾಗುವುದು ಅಲ್ಲಿಂದ. ಪ್ರಮಾಣಪತ್ರ ಕೈಗೆ ಬಂದ ದಿನವೇ ಅಕ್ಷರ ಅಕ್ಷರ ಓದಿ. ಆದಾಯ ಪ್ರಮಾಣಪತ್ರಕ್ಕೆ ಐದು ವರ್ಷದ ಬಾಳಿಕೆ ಇದೆ, ಹಾಗಾಗಿ ಅದನ್ನು ಜೂನ್‌ನಲ್ಲೇ ಮಾಡಿಸಬೇಕೆಂದಿಲ್ಲ, ದೀಪಾವಳಿ ಕಳೆದು ಕಚೇರಿ ಬಿಡುವಾಗಿರುವಾಗ ಮಾಡಿಸಿಟ್ಟುಕೊಳ್ಳಬಹುದು.

ಹಾಗಾದರೆ ಗಡುವು ನಿಜಕ್ಕೂ ಮೀರಿದರೆ ಏನಾಗುತ್ತದೆ? ನನ್ನ ಮೂಲ ಪ್ರಶ್ನೆ ಇದೇ. ಕಾಯ್ದೆಯ ಉತ್ತರ: ತಡವಾದ ಪ್ರತಿ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿ. ಇದು ಸರ್ಕಾರದ ಖಜಾನೆಯಿಂದ ಬರುವ ಹಣವಲ್ಲ, ತಪ್ಪಿದ ಅಧಿಕಾರಿಯ ಸಂಬಳದಿಂದ ಬರಬೇಕಾದದ್ದು. ಮೊತ್ತ ಸಣ್ಣದಾದರೂ ಕಚೇರಿಗಳಲ್ಲಿ ಅದಕ್ಕೆ ಹೆದರಿಕೆ ಇತ್ತು. ನಾನು ಕಣ್ಣಾರೆ ಕಂಡಿದ್ದೇನೆ. ಇನ್ನೂರು ರೂಪಾಯಿ ಹೋದರೆ ಯಾರೂ ಬಡವರಾಗುವುದಿಲ್ಲ, ಆದರೆ ಸಂಬಳದ ಬಿಲ್ಲಿನಲ್ಲಿ ಅದು ಕಾಣಿಸಿತೆಂದರೆ ಮಾನ ಹೋಯಿತು ಎಂದುಕೊಳ್ಳುತ್ತಿದ್ದರು. 2012ರಲ್ಲಿ ಕಾಯ್ದೆ ಜಾರಿಯಾದ ಮೊದಲ ತಿಂಗಳುಗಳಲ್ಲಿ ಸಂಜೆ ಆರರ ನಂತರವೂ ದೀಪ ಹಾಕಿಕೊಂಡು ಬಾಕಿ ಮುಗಿಸಿದ ಕಚೇರಿಗಳಿದ್ದವು. ಆ ಕಾಲದ ಉತ್ಸಾಹ ಸುಳ್ಳಲ್ಲ.

ಆದರೆ ಲೆಕ್ಕದಲ್ಲಿ ಒಂದು ಕೊರತೆ ಇದೆ. ದಿನಕ್ಕೆ 20ರಂತೆ 500 ಮುಟ್ಟುವುದು 25 ದಿನಕ್ಕೆ. ಇಪ್ಪತ್ತಾರನೆಯ ದಿನದಿಂದ ಇನ್ನೆಷ್ಟು ತಡವಾದರೂ ಅಧಿಕಾರಿಗೆ ಹೊಸ ನಷ್ಟವಿಲ್ಲ. ಅಂದರೆ ತೀರಾ ಹಳೆಯ ಕಡತವೇ ಕಚೇರಿಗೆ ತೀರಾ ಹಗುರವಾದ ಕಡತ. ಇತ್ತ ಅರ್ಜಿದಾರರ ನಷ್ಟ ದಿನದಿನಕ್ಕೂ ಏರುತ್ತದೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸಲು ಹೋಗುವ ತಾಯಿ ಕಚೇರಿಗೆ ಒಂದು ಸಲ ಬಂದು ಹೋದರೆ ಒಂದು ದಿನದ ಕೂಲಿ ಹೋಯಿತು, ಬಸ್ಸಿನ ಸಮಯ ಹೋಯಿತು. ಆಕೆಗೆ ದಿನಕ್ಕೆ 20 ರೂಪಾಯಿ ಪರಿಹಾರವೇ ಅಲ್ಲ. ಅದೂ ತಾನಾಗಿ ಬರುವುದಿಲ್ಲ. ಗಡುವು ಮೀರಿದ ಅಥವಾ ತಿರಸ್ಕೃತವಾದ ದಿನದಿಂದ 30 ದಿನದೊಳಗೆ ಮೇಲಿನ ಸಕ್ಷಮ ಅಧಿಕಾರಿಗೆ ಮೇಲ್ಮನವಿ ಹಾಕಬೇಕು, ಅಲ್ಲೂ ಆಗದಿದ್ದರೆ ಅದರ ಮೇಲಿನ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬೇಕು. ಮುಂದಿನ ವರ್ಷ ತಮ್ಮನ ಪ್ರಮಾಣಪತ್ರಕ್ಕೆ ಅದೇ ತಲಾಟಿಯ ಹತ್ತಿರ ಹೋಗಬೇಕಾದ ಮನೆಯವರು ಆ ಕಾಗದ ಬರೆಯಲು ಹಿಂಜರಿಯುತ್ತಾರೆ. ಈ ಹಿಂಜರಿಕೆ ಅಂಜುಬುರುಕತನವಲ್ಲ, ಊರಲ್ಲಿ ಬದುಕುವವರ ವಿವೇಕ. ಹಾಗಾಗಿ ಗಡುವು ಮೀರಿದ ಕಡತ ಯಾರೂ ಕೇಳದೆಯೇ ಸಕ್ಷಮ ಅಧಿಕಾರಿಯ ಮೇಜಿಗೆ ತಾನಾಗಿ ಏರಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಮೇಲ್ಮನವಿಯ ಭಾರ ನಾಗರಿಕರ ಹೆಗಲ ಮೇಲೆ ಇರಬಾರದು.

ಈ ಭಾಗ ಮುಗಿಸುವ ಮುನ್ನ ಒಂದು ಒಳ್ಳೆಯ ಕೆಲಸವನ್ನು ಹೇಳಲೇಬೇಕು. ಗ್ರಾಮೀಣ ಕುಟುಂಬಗಳ ಜಾತಿ, ಆದಾಯದ ವಿವರಗಳನ್ನು ಮೊದಲೇ ಪರಿಶೀಲಿಸಿ ಕಂಪ್ಯೂಟರಿನಲ್ಲಿ ಇಟ್ಟು, ಪಡಿತರ ಚೀಟಿಯ ಸಂಖ್ಯೆ ಹೇಳಿದ ಕೂಡಲೇ ಕೌಂಟರಿನಲ್ಲೇ ಪ್ರಮಾಣಪತ್ರ ಮುದ್ರಿಸಿ ಕೊಡುವ ವ್ಯವಸ್ಥೆ ಬಂತು. ಇದರಲ್ಲಿ ಆದ ಬದಲಾವಣೆಯನ್ನು ಗಮನಿಸಿ. ಇಲ್ಲಿ 21 ದಿನವನ್ನು 15ಕ್ಕೆ ಇಳಿಸಲಿಲ್ಲ. ತಲಾಟಿಯ ವಿಚಾರಣೆಯನ್ನು ಜೂನ್ ತಿಂಗಳ ನೂಕುನುಗ್ಗಲಿನಿಂದ ಕಿತ್ತು ಬಿಡುವಿನ ತಿಂಗಳಿಗೆ ಹಾಕಿದರು. ಗಡುವು ಇಟ್ಟು ಹೆದರಿಸಿದ್ದಕ್ಕಿಂತ ಇದರಿಂದ ಹೆಚ್ಚು ಜನಕ್ಕೆ ಉಪಕಾರವಾಗಿದೆ. ತೊಂದರೆ ಬರುವುದು ಪಟ್ಟಿಯಲ್ಲಿ ಹೆಸರು ತಪ್ಪಿದಾಗ, ಹೊಸದಾಗಿ ಸೊಸೆ ಬಂದಾಗ, ಮನೆ ಪಾಲಾಗಿ ಪಡಿತರ ಚೀಟಿ ಎರಡಾದಾಗ. ಆಗ ಮತ್ತೆ ಹಳೆಯ ದಾರಿಗೇ ಬರಬೇಕು.

ಈಗ ಎರಡನೆಯ ವಿಷಯಕ್ಕೆ ಹೊರಳುತ್ತೇನೆ. ಪ್ರಮಾಣಪತ್ರದ ವಿಷಯದಲ್ಲಿ ಕಚೇರಿ ಮೌನವಾಗಿದ್ದರೆ ಹಣ ಸಿಗಬಹುದು, ಪ್ರಮಾಣಪತ್ರ ಸಿಗುವುದಿಲ್ಲ. ಪರವಾನಗಿಯ ವಿಷಯದಲ್ಲಿ ಕಾನೂನು ಬೇರೆ ದಾರಿ ಹಿಡಿದಿದೆ: ಇಷ್ಟು ದಿನದಲ್ಲಿ ಉತ್ತರ ಕೊಡದಿದ್ದರೆ ಕೊಟ್ಟಂತೆಯೇ. ಇದು ಸಕಾಲದಿಂದ ಹುಟ್ಟಿದ ವಿಚಾರವಲ್ಲ. 1964ರ ಭೂಕಂದಾಯ ಕಾಯ್ದೆಯ 95ನೆಯ ಕಲಮಿನಲ್ಲೇ ಇತ್ತು. ಹೊಲವನ್ನು ಕೃಷಿಯೇತರ ಬಳಕೆಗೆ ಪರಿವರ್ತಿಸಲು ಅರ್ಜಿ ಕೊಟ್ಟ ನಾಲ್ಕು ತಿಂಗಳಲ್ಲಿ ಜಿಲ್ಲಾಧಿಕಾರಿ ತಮ್ಮ ತೀರ್ಮಾನ ತಿಳಿಸದಿದ್ದರೆ ಅನುಮತಿ ಕೊಟ್ಟಂತೆ ಎಂದು ಭಾವಿಸಬೇಕು. ನಮ್ಮ ಹಿರಿಯರು ಮುಂಬೈ ಸರ್ಕಾರದ ಕಾಲದ ಮಾತಿನಲ್ಲಿ ಇದನ್ನು ಬಿನ್‌ಶೇತ್ಕಿ ಎನ್ನುತ್ತಿದ್ದರು, ಈಗ ಎಲ್ಲರೂ ಎನ್.ಎ. ಎನ್ನುತ್ತೇವೆ. 1974ರ ಜಲಮಾಲಿನ್ಯ ಕಾಯ್ದೆಯಲ್ಲೂ ಹೀಗೇ ನಾಲ್ಕು ತಿಂಗಳು ಇದೆ. ಅಷ್ಟರೊಳಗೆ ಮಾಲಿನ್ಯ ನಿಯಂತ್ರಣ ಮಂಡಳಿ ನಿರಾಕರಿಸದಿದ್ದರೆ ಸಮ್ಮತಿ ಸಿಕ್ಕಂತೆ.

ಬ್ಯಾಡಗಿಯ ಹೊರವಲಯದಲ್ಲಿ ಎರಡು ಎಕರೆಯಲ್ಲಿ ಮೆಣಸಿನಕಾಯಿ ಶೀತಲಗೃಹ, ಪಕ್ಕದಲ್ಲೇ ಪುಡಿ ಮಾಡುವ ಯಂತ್ರ ಹಾಕಬೇಕೆಂದಿರುವ ಒಬ್ಬರನ್ನು ಕಲ್ಪಿಸಿಕೊಳ್ಳಿ. ಬ್ಯಾಡಗಿಯ ಮಾರುಕಟ್ಟೆಗೆ ಮಾಲು ತುಂಬಿ ಬರುವುದು ಜನವರಿಯಿಂದ ಏಪ್ರಿಲ್‌ವರೆಗೆ. ಶೀತಲಗೃಹ ತುಂಬಬೇಕಾದದ್ದೂ ಆಗಲೇ. ಅವರು ಅಕ್ಟೋಬರ್ ಮೊದಲಲ್ಲಿ ಎನ್.ಎ.ಗೆ ಅರ್ಜಿ ಹಾಕಿದರು ಎನ್ನಿ. ನಾಲ್ಕು ತಿಂಗಳು ಉತ್ತರವಿಲ್ಲದೆ ಕಳೆದರೆ ಫೆಬ್ರವರಿ ಬಂತು. ಕಾನೂನಿನ ಪ್ರಕಾರ ಅನುಮತಿ ಸಿಕ್ಕಿದೆ. ಆದರೆ ಕೈಯಲ್ಲಿ ಏನಿದೆ? ಅರ್ಜಿಯ ಸ್ವೀಕೃತಿ ಒಂದೇ. ಬ್ಯಾಂಕಿಗೆ ಹೋದರೆ ಆದೇಶದ ಸಂಖ್ಯೆ ಕೇಳುತ್ತಾರೆ. ಪಂಚಾಯಿತಿಯಲ್ಲಿ ಇ-ಸ್ವತ್ತಿನ ನಮೂನೆ 9 ಮಾಡಿಸಲು ಹೋದರೆ ಪರಿವರ್ತನೆ ಆದೇಶದ ಪ್ರತಿ ಲಗತ್ತಿಸಿ ಎನ್ನುತ್ತಾರೆ. ಮೌನದಿಂದ ಸಿಕ್ಕ ಅನುಮತಿಗೆ ಮೊಹರಿಲ್ಲ. ಆ ಮೊಹರಿಗಾಗಿ ಧಾರವಾಡದ ಉಚ್ಚ ನ್ಯಾಯಾಲಯದ ಪೀಠಕ್ಕೆ ಹೋಗಬಹುದು, ಅಷ್ಟರಲ್ಲಿ ಆ ವರ್ಷದ ಹಂಗಾಮು ಮುಗಿದಿರುತ್ತದೆ. ಆಮೇಲಿನ ತಿದ್ದುಪಡಿಗಳು ಪರಿವರ್ತನೆಯ ದಾರಿಯನ್ನು ಸಲೀಸು ಮಾಡಿವೆ ಎಂಬುದು ನಿಜ. ಆದರೆ ತೊಡಕಿನ ಮೂಲ ಅಲ್ಲೇ ಇದೆ. ಒಂದು ಕಚೇರಿಯ ಮೌನವನ್ನು ಇನ್ನೊಂದು ಕಚೇರಿ ಓದಲಾರದು. ಗಡುವು ಮೀರಿದ ಕ್ಷಣ ಕಂಪ್ಯೂಟರೇ ಸಂಖ್ಯೆ ಹಾಕಿ ಅನುಮತಿ ಪತ್ರ ಮುದ್ರಿಸಿಕೊಟ್ಟರೆ ಮಾತ್ರ ಮೌನಕ್ಕೆ ಬೆಲೆ.

ಈ ತೊಡಕಿಗೆ ಪರಿಹಾರವೆಂದೇ ಏಕಗವಾಕ್ಷಿ ಬಂದದ್ದು. 2002ರ ಕರ್ನಾಟಕ ಕೈಗಾರಿಕೆಗಳ ಸೌಲಭ್ಯ ಕಾಯ್ದೆ ಮೂರು ಹಂತದ ಸಮಿತಿಗಳನ್ನು ಮಾಡಿತು. ಈಗಿನ ಮಿತಿಯಂತೆ 15 ಕೋಟಿ ರೂಪಾಯಿವರೆಗಿನ ಹೂಡಿಕೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ಸಮಿತಿಗೆ, ಅದರ ಮೇಲೆ 500 ಕೋಟಿವರೆಗೆ ರಾಜ್ಯ ಸಮಿತಿಗೆ, ಅದಕ್ಕೂ ಮೇಲಿನದು ಮುಖ್ಯಮಂತ್ರಿಗಳ ಅಧ್ಯಕ್ಷತೆಯ ಉನ್ನತ ಸಮಿತಿಗೆ. ನಮ್ಮ ಬ್ಯಾಡಗಿಯ ಶೀತಲಗೃಹವಾಗಲಿ, ರಾಣೆಬೆನ್ನೂರಿನ ಬೀಜ ಸಂಸ್ಕರಣಾ ಘಟಕವಾಗಲಿ ಸಾಮಾನ್ಯವಾಗಿ ಜಿಲ್ಲಾ ಸಮಿತಿಯ ಲೆಕ್ಕಕ್ಕೇ ಬರುತ್ತವೆ. ಹಾವೇರಿಯ ಜಿಲ್ಲಾ ಕೈಗಾರಿಕಾ ಕೇಂದ್ರ ಅರ್ಜಿ ಪರಿಶೀಲಿಸಿ ಸಭೆಗೆ ಇಡುತ್ತದೆ. ವಿದ್ಯುತ್, ಮಾಲಿನ್ಯ ನಿಯಂತ್ರಣ, ಕಾರ್ಖಾನೆಗಳ ಇಲಾಖೆಯವರೆಲ್ಲ ಒಂದೇ ಮೇಜಿನ ಸುತ್ತ ಕೂರುತ್ತಾರೆ.

ಇಲ್ಲಿ ಬಹಳ ಜನ ಮೋಸ ಹೋಗುವ ಒಂದು ಜಾಗವಿದೆ. ಸಮಿತಿಯ ಅನುಮೋದನೆ ಪತ್ರ ಬಂದ ಕೂಡಲೇ ಪರವಾನಗಿ ಸಿಕ್ಕಿತು ಎಂದು ಪೂಜೆ ಮಾಡಿ ಪಾಯ ತೆಗೆಯುತ್ತಾರೆ. ಆ ಪತ್ರವನ್ನು ಕೊನೆಯವರೆಗೆ ಓದಬೇಕು. ಕೆಳಗಿನ ಷರತ್ತುಗಳಿಗೆ ಒಳಪಟ್ಟು ಎಂದಿರುತ್ತದೆ, ಅದರ ಕೆಳಗೆ ಇಲಾಖೆಗಳ ಹೆಸರುಗಳ ಸಾಲೇ ಇರುತ್ತದೆ. ಸಮಿತಿ ಒಪ್ಪಿದ್ದು ಯೋಜನೆಯನ್ನು. ಮಂಡಳಿಯ ಸಮ್ಮತಿ, ಕಟ್ಟಡದ ಪರವಾನಗಿ, ಅಗ್ನಿಶಾಮಕ ಇಲಾಖೆಯ ಪತ್ರ, ಆಹಾರ ಸುರಕ್ಷತೆಯ ಲೈಸೆನ್ಸ್, ಹೆಸ್ಕಾಂ ಸಂಪರ್ಕ ಇವೆಲ್ಲ ಆಯಾ ಇಲಾಖೆಯಿಂದಲೇ ಬರಬೇಕು. ಕಿಟಕಿ ಒಂದಾಗಿದೆ, ಒಳಗಿನ ಕೋಣೆಗಳು ಹಾಗೇ ಇವೆ.

2020ರ ತಿದ್ದುಪಡಿ ಈ ಕೋಣೆಗಳಿಗೆ ಬೇರೆ ಉಪಾಯ ಹುಡುಕಿತು. ಸಮಿತಿಯ ತಾತ್ವಿಕ ಒಪ್ಪಿಗೆ ಸಿಕ್ಕ ಮೇಲೆ ಉದ್ಯಮಿ ಅಫಿಡವಿಟ್ ಬರೆದುಕೊಟ್ಟು, ಎಲ್ಲ ಕಾನೂನು ಪಾಲಿಸುತ್ತೇನೆ ಎಂದು ಒಪ್ಪಿಕೊಂಡು, ಅದರ ಸ್ವೀಕೃತಿ ಪತ್ರ ಪಡೆದು ಕಟ್ಟಡ ಶುರು ಮಾಡಬಹುದು. ಆ ಪತ್ರದ ಬಾಳಿಕೆ ಮೂರು ವರ್ಷ, ಅಥವಾ ಉತ್ಪಾದನೆ ಶುರುವಾಗುವವರೆಗೆ. ಉಳಿದ ಪರವಾನಗಿಗಳನ್ನು ಅಷ್ಟರೊಳಗೆ ಪಡೆದುಕೊಳ್ಳಬೇಕು. ಇಲ್ಲಿ ಕಚೇರಿಯ ಮೌನದ ಪ್ರಶ್ನೆಯೇ ಏಳುವುದಿಲ್ಲ, ಕಚೇರಿಯ ಮಾತಿನ ಜಾಗಕ್ಕೆ ಅರ್ಜಿದಾರರ ಮಾತು ಬಂದಿದೆ. ನಮ್ಮ ಬ್ಯಾಡಗಿಯವರಿಗೆ ಇದರಿಂದ ಒಂದು ಹಂಗಾಮು ಉಳಿಯಬಹುದು. ಅಪಾಯವೂ ಅವರದ್ದೇ. ಖಾರದ ಪುಡಿಯ ಧೂಳು ಪಕ್ಕದ ಓಣಿಗೆ ಹೋಗುತ್ತದೆ ಎಂದು ಮಂಡಳಿ ಆಮೇಲೆ ತಕರಾರು ತೆಗೆದರೆ, ಯಂತ್ರ ಕೂಡಿಸಿ ಆಗಿರುತ್ತದೆ, ಸಾಲದ ಕಂತು ಶುರುವಾಗಿರುತ್ತದೆ. ಧೂಳು ಹಿಡಿಯುವ ಚೀಲ, ಚಿಮಣಿಯ ಎತ್ತರ ಇವನ್ನು ನಕ್ಷೆ ಮಾಡುವಾಗಲೇ ಮಂಡಳಿಯವರಿಗೆ ತೋರಿಸಿ ಕೇಳಿಕೊಳ್ಳಿ ಎಂದು ನನ್ನನ್ನು ಕೇಳಿದವರಿಗೆಲ್ಲ ಹೇಳಿದ್ದೇನೆ.

ವಿದ್ಯುತ್ತಿನ ವಿಷಯದಲ್ಲಂತೂ ಯಾವ ಕಾನೂನಿನ ಭಾವನೆಯೂ ಕೆಲಸಕ್ಕೆ ಬಾರದು. ಅನುಮತಿ ಕೊಟ್ಟಂತೆ ಎಂದು ಭಾವಿಸಬಹುದು. ಟಿ.ಸಿ. ಕೂಡಿಸಿದಂತೆ ಎಂದು ಭಾವಿಸಿದರೆ ಶೀತಲಗೃಹ ತಣ್ಣಗಾಗುವುದಿಲ್ಲ. ಅಲ್ಲಿ ಅಂದಾಜು ಪಟ್ಟಿ ಆಗಬೇಕು, ಹಣ ಕಟ್ಟಬೇಕು, ಕಂಬ ನೆಡಬೇಕು, ಲೈನ್ ಎಳೆಯಬೇಕು. ನಡುವಿನ ಹೊಲದವರು ಕಂಬ ಬೇಡ ಎಂದರೆ ಅವರನ್ನು ಒಪ್ಪಿಸಬೇಕು. ಕಾಗದದಿಂದ ಮುಗಿಯುವ ಸೇವೆ ಯಾವುದು, ಕಬ್ಬಿಣ, ತಂತಿ ಬೇಕಾದ ಸೇವೆ ಯಾವುದು ಎಂಬುದನ್ನು ಬೇರೆ ಮಾಡದೆ ಎಲ್ಲಕ್ಕೂ ಒಂದೇ ಬಗೆಯ ಗಡುವು ಬರೆದರೆ, ಎರಡನೆಯದರಲ್ಲಿ ಗಡುವು ತಪ್ಪುವುದು ಖಂಡಿತ. ಅದರಿಂದ ಮೊದಲನೆಯದರ ಗಡುವಿಗೂ ಮರ್ಯಾದೆ ಕಡಿಮೆಯಾಗುತ್ತದೆ.

ಕೊನೆಯದಾಗಿ ವಾರಸಾ ವಿಷಯ. ಇದನ್ನು ಚಿಕ್ಕದಾಗಿ ಹೇಳಿದರೂ ಬಿಡುವಂತಿಲ್ಲ. ಇಲ್ಲಿಯವರೆಗೆ ನಾನು ಮಾತಾಡಿದ ದಿನಗಳೆಲ್ಲ ಇಷ್ಟರೊಳಗೆ ಮುಗಿಸಬೇಕು ಎಂಬ ದಿನಗಳು. ಇಷ್ಟು ದಿನ ಕಾಯಲೇಬೇಕು ಎಂಬ ದಿನಗಳೂ ಕಾನೂನಿನಲ್ಲಿವೆ. ತಂದೆ ತೀರಿಕೊಂಡ ಮೇಲೆ ಅಣ್ಣತಮ್ಮಂದಿರು ಉತಾರದಲ್ಲಿ ಹೆಸರು ಸೇರಿಸಲು ಅರ್ಜಿ ಕೊಟ್ಟರೆ ಕಚೇರಿ ನೋಟಿಸು ಹೊರಡಿಸಿ ತಕರಾರಿಗೆ ಕಾಯಬೇಕು. 1964ರ ಕಾಯ್ದೆಯಲ್ಲಿ ಅದಕ್ಕೆ 30 ದಿನ ಇತ್ತು. ಮುಂದೆ ಕ್ರಯದಂಥ ಪ್ರಕರಣಗಳಲ್ಲಿ ಆ ಅವಧಿಯನ್ನು ಇಳಿಸಿದ್ದಾರೆ. ಅದು ಕಚೇರಿ ಸುಮ್ಮನಿರುವ ಕಾಲವಲ್ಲ, ಉಳಿದವರು ಮಾತಾಡಲು ಕೊಟ್ಟ ಕಾಲ. ಶಿರಸಿಗೋ ಪುಣೆಗೋ ಕೊಟ್ಟ ಮಗಳು ಆ ನೋಟಿಸಿನ ಸುದ್ದಿ ಕೇಳಿ ಬಂದು, ನನ್ನ ಹೆಸರೂ ಬರಲಿ ಎನ್ನಲು ಇರುವ ಸುಲಭದ ಅವಕಾಶ ಅದು. ನಾನು ಕೆಲಸದಲ್ಲಿದ್ದಾಗ ಬೇಗ ಮಾಡಿಕೊಡ್ರಿ ಸಾಹೇಬ್ರ ಎಂದು ಅವಸರ ಮಾಡಿದವರಲ್ಲಿ, ವಂಶಾವಳಿಯಲ್ಲಿ ಅಕ್ಕತಂಗಿಯರ ಹೆಸರು ಬಿಟ್ಟವರೇ ಹೆಚ್ಚು ಇರುತ್ತಿದ್ದರು. ಎರಡು ಸಲ ನಾನೂ ಆ ಅವಸರಕ್ಕೆ ಸಿಕ್ಕಿದ್ದೇನೆ. ಒಂದು ಮನೆಯ ಹೆಣ್ಣುಮಗಳು ಎಂಟು ವರ್ಷ ಕೋರ್ಟಿಗೆ ಅಲೆದಳು. ಅದು ಇಂದಿಗೂ ನನ್ನ ಮನಸ್ಸಿನಲ್ಲಿದೆ.

ಹಾಗಾಗಿ ಇಂಥ ಸೇವೆಗಳಿಗೆ ಗಡುವು ಇಡುವಾಗ ನಾನು ಕೇಳುವುದು ಒಂದೇ ಬದಲಾವಣೆ. ಎಷ್ಟು ದಿನದಲ್ಲಿ ಮುಗಿಯಿತು ಎಂದು ಬರೆಯುವ ಜಾಗದಲ್ಲೇ ನೋಟಿಸು ಯಾರ ಕೈಗೆ, ಯಾವ ದಿನ ತಲುಪಿತು ಎಂದೂ ಬರೆಯಬೇಕು. ಪ್ರಮಾಣಪತ್ರಗಳ ವಿಷಯದಲ್ಲಿ ತಿರಸ್ಕಾರದ ಹಿಂಬರಹದಲ್ಲಿ ಯಾವ ದಾಖಲೆ, ಏನು ದೋಷ, ಏನು ತಂದರೆ ಸರಿಯಾಗುತ್ತದೆ ಎಂಬ ಮೂರೂ ಮಾತು ಇಲ್ಲದಿದ್ದರೆ ಕಂಪ್ಯೂಟರು ಅದನ್ನು ವಿಲೇವಾರಿ ಎಂದು ಒಪ್ಪಿಕೊಳ್ಳಬಾರದು. ಅದೇ ಮನೆ, ಅದೇ ಸೇವೆ, ಎರಡನೆಯ ಅರ್ಜಿ ಬಂದರೆ ಮೊದಲ ಅರ್ಜಿಯ ದಿನದಿಂದಲೇ ಎಣಿಕೆ ಮುಂದುವರಿಯಬೇಕು. ನನ್ನ ತಂಗಿಯ ಮೊಮ್ಮಗಳ ಎರಡು ಚೀಟಿಗಳನ್ನೂ ನಾನು ಇಲ್ಲಿಗೆ ತಂದಿದ್ದೇನೆ. ಉಪನ್ಯಾಸ ಮುಗಿದ ಮೇಲೆ ವಿದ್ಯಾರ್ಥಿಗಳು ಬಂದು ನೋಡಬಹುದು. ಎರಡರ ಮೇಲೂ ಬೇರೆ ಬೇರೆ ಸಂಖ್ಯೆ ಇದೆ, ಬೇರೆ ಬೇರೆ ದಿನಾಂಕ ಇದೆ. ಹೆಸರು, ಊರು, ತಂದೆಯ ಹೆಸರು ಎರಡರಲ್ಲೂ ಒಂದೇ.